ಓರೆಯಾದ ಸಮಷ್ಟಿ, ನೆಟ್ಟಗಾಗುವ ಸರಾಸರಿ

(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಎಂದರೆ ದೊಡ್ಡ ವಿಷಯವನ್ನೇ ಎತ್ತಿಕೊಳ್ಳಬೇಕು ಎಂಬ ರೂಢಿ ಇದೆ. ನಾನು ಇಂದು ಒಂದೇ ಒಂದು ಲೆಕ್ಕ ತಂದಿದ್ದೇನೆ. ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ನೋಟ್‌ಬುಕ್ಕಿನ ಹಾಳೆಯ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದ ಲೆಕ್ಕ ಇದು. ಕೈಬರಹ, ನೀಲಿ ಇಂಕು, ಹಾಳೆಯ ಒಂದು ಮೂಲೆಯ ಮೇಲೆ ಬೆರಳಿನ ನೆರಳು. ಪ್ರಶ್ನೆಯ ಸಾರಾಂಶ ಹೀಗಿದೆ:

"ಬ್ಯಾಂಕ್ ಕೌಂಟರಿನಲ್ಲಿ ಒಬ್ಬ ಗ್ರಾಹಕರ ಕೆಲಸಕ್ಕೆ ಹಿಡಿಯುವ ಸಮಯ ಬಲಕ್ಕೆ ಓರೆಯಾದ ವಿತರಣೆಯನ್ನು ಹೊಂದಿದೆ. ಅದರ ಸರಾಸರಿ 4 ನಿಮಿಷ, ಮಾನಕ ವಿಚಲನೆ 4 ನಿಮಿಷ. 36 ಗ್ರಾಹಕರನ್ನು ಯಾದೃಚ್ಛಿಕವಾಗಿ ಆರಿಸಲಾಗಿದೆ. (ಅ) ಮಾದರಿ ಸರಾಸರಿಯ ವಿತರಣೆಯನ್ನು ವಿವರಿಸಿ. (ಆ) ಮಾದರಿ ಸರಾಸರಿ 5 ನಿಮಿಷ ಮೀರುವ ಸಂಭವನೀಯತೆ ಎಷ್ಟು? (ಇ) ಒಬ್ಬ ಗ್ರಾಹಕರಿಗೆ 5 ನಿಮಿಷ ಮೀರುವ ಸಂಭವನೀಯತೆಯನ್ನು ಇದೇ ವಿಧಾನದಿಂದ ಕಂಡುಹಿಡಿಯಬಹುದೇ? (ಈ) ಮಾದರಿಯಲ್ಲಿ 4 ಜನರಷ್ಟೇ ಇದ್ದರೆ?"

ಸಂಖ್ಯಾಶಾಸ್ತ್ರದ ಯಾವ ಪಠ್ಯಪುಸ್ತಕದಲ್ಲಾದರೂ ಇಂಥ ಪ್ರಶ್ನೆ ಸಿಗುತ್ತದೆ. ಇದರ ಹಿಂದಿರುವುದು ಸೆಂಟ್ರಲ್ ಲಿಮಿಟ್ ಥಿಯರಮ್, ಕನ್ನಡದಲ್ಲಿ ಕೇಂದ್ರ ಮಿತಿ ಪ್ರಮೇಯ. ಪರೀಕ್ಷೆಯಲ್ಲಿ ಇದಕ್ಕೆ ನಾಲ್ಕು ಸಾಲಿನ ಉತ್ತರ ಬರೆದರೆ ಪೂರ್ಣ ಅಂಕ ಸಿಗುತ್ತದೆ. ಆ ನಾಲ್ಕು ಸಾಲಿನಲ್ಲಿ ಯಾವುದು ಕರಾರುವಾಕ್ಕು, ಯಾವುದು ಅಂದಾಜು, ಆ ಅಂದಾಜು ಎಷ್ಟು ತಪ್ಪಬಹುದು ಎಂಬುದನ್ನು ಬಿಡಿಸಿ ನೋಡುವುದು ನನ್ನ ಉದ್ದೇಶ.

ಮೊದಲು ಫೋಟೋವನ್ನು ಸರಿಯಾಗಿ ಓದುವುದು

ಕೈಬರಹದ ಲೆಕ್ಕದಲ್ಲಿ ಎರಡು ಸಣ್ಣ ಗುರುತುಗಳು ಇಡೀ ಉತ್ತರವನ್ನೇ ತಿರುಗಿಸಬಲ್ಲವು. ಒಂದು, x ಅಕ್ಷರದ ತಲೆಯ ಮೇಲಿನ ಅಡ್ಡಗೆರೆ. ಗೆರೆ ಇದ್ದರೆ x̄, ಅಂದರೆ 36 ಜನರ ಸರಾಸರಿ. ಗೆರೆ ಇಲ್ಲದಿದ್ದರೆ ಬರೀ x, ಅಂದರೆ ಒಬ್ಬ ಗ್ರಾಹಕರ ಸಮಯ. ಗೀಟು ಹಾಕಿದ ಹಾಳೆಯಲ್ಲಿ ಈ ಅಡ್ಡಗೆರೆ ಹಾಳೆಯ ಗೀಟಿನಲ್ಲಿಯೇ ಸೇರಿಹೋಗುತ್ತದೆ. ನಮ್ಮ ಲೆಕ್ಕದಲ್ಲಿ (ಆ) ಮತ್ತು (ಇ) ಪ್ರಶ್ನೆಗಳ ನಡುವಿನ ವ್ಯತ್ಯಾಸವೆಲ್ಲ ಆ ಒಂದು ಗೆರೆಯಲ್ಲಿದೆ.

ಎರಡನೆಯದು ವರ್ಗದ ಚಿಹ್ನೆ. ಹಾಳೆಯಲ್ಲಿ σ = 4 ಎಂದಿದೆಯೋ, σ² = 4 ಎಂದಿದೆಯೋ? ಮೊದಲನೆಯದಾದರೆ ಮಾನಕ ವಿಚಲನೆ 4 ನಿಮಿಷ. ಎರಡನೆಯದಾದರೆ 4 ಎಂಬುದು ವಿಚಲನೆಯ ವರ್ಗ, ಮಾನಕ ವಿಚಲನೆ 2 ನಿಮಿಷ ಮಾತ್ರ. ಮುಂದೆ ನೋಡುವಂತೆ ಮೊದಲ ಓದಿನಲ್ಲಿ (ಆ) ಪ್ರಶ್ನೆಯ ಉತ್ತರ ಸುಮಾರು 0.067 ಬರುತ್ತದೆ. ಎರಡನೆಯ ಓದಿನಲ್ಲಿ 0.00135 ಬರುತ್ತದೆ. ಐವತ್ತು ಪಟ್ಟು ಅಂತರ! ಎರಡೂ ಉತ್ತರ ನೋಡುವುದಕ್ಕೆ ಸಂಭವನೀಯತೆಗಳೇ, ಯಾವುದೂ ಅಸಂಬದ್ಧವಾಗಿ ಕಾಣುವುದಿಲ್ಲ. ಹಾಗಾಗಿ ಉತ್ತರ ನೋಡಿ ತಪ್ಪು ಹಿಡಿಯಲಾಗದು, ಹಾಳೆಯನ್ನೇ ಮತ್ತೊಮ್ಮೆ ನೋಡಬೇಕು. ಏಕಮಾನವೂ ದಾರಿ ತೋರಿಸುತ್ತದೆ. "4 ನಿಮಿಷ" ಎಂದು ಬರೆದಿದ್ದರೆ ಅದು ಮಾನಕ ವಿಚಲನೆಯೇ, ಏಕೆಂದರೆ ವರ್ಗದ ಏಕಮಾನ ನಿಮಿಷವಾಗಿರಲು ಸಾಧ್ಯವಿಲ್ಲ. ಈ ಹುಡುಗಿ "ನಿಮಿಷ" ಎಂದು ಸ್ಪಷ್ಟವಾಗಿ ಬರೆದಿದ್ದಳು.

ಕರಾರುವಾಕ್ಕಾದ ಭಾಗ

ಈಗ (ಅ) ಪ್ರಶ್ನೆ. ಮಾದರಿ ಸರಾಸರಿಯ ಬಗ್ಗೆ ಮೂರು ವಿಷಯ ಹೇಳಬೇಕು: ಅದರ ಕೇಂದ್ರ ಎಲ್ಲಿದೆ, ಅದು ಎಷ್ಟು ಹರಡಿದೆ, ಅದರ ಆಕಾರ ಹೇಗಿದೆ.

36 ಜನರ ಗುಂಪನ್ನು ಮತ್ತೆ ಮತ್ತೆ ಆರಿಸಿ, ಪ್ರತಿ ಗುಂಪಿನ ಸರಾಸರಿಯನ್ನು ಬರೆದುಕೊಳ್ಳುತ್ತಾ ಹೋದರೆ ಆ ಸರಾಸರಿಗಳ ಕೇಂದ್ರ 4 ನಿಮಿಷದಲ್ಲಿಯೇ ಇರುತ್ತದೆ. ಅವುಗಳ ಹರವು ಮೂಲದ 4 ನಿಮಿಷವನ್ನು 36ರ ವರ್ಗಮೂಲದಿಂದ ಭಾಗಿಸಿದಷ್ಟು: 4 ÷ 6 = 0.667 ನಿಮಿಷ, ಅಂದರೆ 40 ಸೆಕೆಂಡು. ಇದನ್ನು ಮಾನಕ ದೋಷ ಎನ್ನುತ್ತೇವೆ.

ಈ ಎರಡು ಮಾತುಗಳಿಗೂ ಕೇಂದ್ರ ಮಿತಿ ಪ್ರಮೇಯದ ಅಗತ್ಯವೇ ಇಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಆಯ್ಕೆಗಳು ಒಂದನ್ನೊಂದು ಅವಲಂಬಿಸಿರದಿದ್ದರೆ ಸಾಕು. ಸಮಷ್ಟಿ ಎಷ್ಟೇ ಓರೆಯಾಗಿರಲಿ, ಮಾದರಿಯಲ್ಲಿ 2 ಜನರಿರಲಿ, 2000 ಜನರಿರಲಿ, ಇವು ನೂರಕ್ಕೆ ನೂರು ಸತ್ಯ. ಅಂದಾಜು ಬರುವುದು ಮೂರನೆಯ ವಿಷಯದಲ್ಲಿ ಮಾತ್ರ, ಆಕಾರದಲ್ಲಿ. ಪ್ರಮೇಯ ಹೇಳುವುದು ಇಷ್ಟೇ: ಮಾದರಿ ದೊಡ್ಡದಾದಂತೆ ಸರಾಸರಿಯ ವಿತರಣೆಯ ಆಕಾರ ಗಂಟೆಯಾಕಾರದ ನಾರ್ಮಲ್ ರೇಖೆಗೆ ಹತ್ತಿರವಾಗುತ್ತಾ ಹೋಗುತ್ತದೆ.

ಇಲ್ಲಿ ತರಗತಿಯಲ್ಲಿ ತೀರಾ ಸಾಮಾನ್ಯವಾದ ಒಂದು ತಪ್ಪು ತಿಳಿವಳಿಕೆ ಇದೆ. "ಮಾದರಿ ದೊಡ್ಡದಾದರೆ ದತ್ತಾಂಶ ನಾರ್ಮಲ್ ಆಗುತ್ತದೆ" ಎಂದು ಎಷ್ಟೋ ಉತ್ತರ ಪತ್ರಿಕೆಗಳಲ್ಲಿ ಬರೆದಿರುತ್ತದೆ. ಆಗುವುದಿಲ್ಲ. ಕೌಂಟರಿನ ಸಮಯ ಬಲಕ್ಕೆ ಓರೆ ಎಂದರೆ, ಹೆಚ್ಚಿನವರ ಕೆಲಸ ಬೇಗ ಮುಗಿಯುತ್ತದೆ, ಕೆಲವರದು ಬಹಳ ಹೊತ್ತು ಹಿಡಿಯುತ್ತದೆ. 36 ಗ್ರಾಹಕರ ಸಮಯವನ್ನು ಸ್ತಂಭಚಿತ್ರವಾಗಿ ಬರೆದರೆ ಆ ಓರೆ ಕಾಣುತ್ತದೆ. 3600 ಗ್ರಾಹಕರ ಸಮಯ ಬರೆದರೆ ಅದೇ ಓರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಾದರಿ ಹಿಗ್ಗಿದಷ್ಟೂ ದತ್ತಾಂಶ ತನ್ನ ಸಮಷ್ಟಿಯನ್ನೇ ಹೋಲುತ್ತಾ ಹೋಗುತ್ತದೆ. ನೆಟ್ಟಗಾಗುವುದು ಸರಾಸರಿಯ ವಿತರಣೆ, ಗ್ರಾಹಕರ ಸಮಯದ ವಿತರಣೆ ಅಲ್ಲ.

ಸರಾಸರಿ ಏಕೆ ನೆಟ್ಟಗಾಗುತ್ತದೆ

ಇದನ್ನು ಸೂತ್ರವಿಲ್ಲದೆ ಅರ್ಥ ಮಾಡಿಕೊಳ್ಳಬಹುದು. ಅದಕ್ಕಾಗಿ ಓರೆಯಾದ ಒಂದು ನಿರ್ದಿಷ್ಟ ವಿತರಣೆಯನ್ನು ಇಟ್ಟುಕೊಳ್ಳೋಣ. ಎಕ್ಸ್‌ಪೊನೆನ್ಷಿಯಲ್ ವಿತರಣೆಯಲ್ಲಿ ಸರಾಸರಿಯೂ ಮಾನಕ ವಿಚಲನೆಯೂ ಸಮವಾಗಿರುತ್ತವೆ, ನಮ್ಮ ಪ್ರಶ್ನೆಯಲ್ಲಿ ಎರಡೂ 4. ಇವು ಸಮವಾಗಿದ್ದ ಮಾತ್ರಕ್ಕೆ ವಿತರಣೆ ಅದೇ ಎಂದು ಸಾಬೀತಾಗುವುದಿಲ್ಲ. ಆದರೆ ಇದನ್ನು ಆರಿಸಿಕೊಂಡರೆ ನಿಖರ ಉತ್ತರವನ್ನೂ ಲೆಕ್ಕ ಹಾಕಬಹುದು, ಅಂದಾಜನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಈ ವಿತರಣೆಯಲ್ಲಿ ಒಬ್ಬ ಗ್ರಾಹಕರ ಸಮಯ ಅತಿ ದಟ್ಟವಾಗಿರುವುದು ಸೊನ್ನೆಯ ಬಳಿ. ಈಗ ಇಬ್ಬರ ಸರಾಸರಿ ತೆಗೆಯೋಣ. ಅದು ಸೊನ್ನೆಯ ಬಳಿ ಬರಬೇಕಾದರೆ ಇಬ್ಬರ ಕೆಲಸವೂ ಕ್ಷಣಾರ್ಧದಲ್ಲಿ ಮುಗಿಯಬೇಕು. ಒಬ್ಬರದು ಹಾಗಾಗುವುದು ಸಾಮಾನ್ಯ, ಇಬ್ಬರದೂ ಒಟ್ಟಿಗೆ ಹಾಗಾಗುವುದು ಅಪರೂಪ. ಆದ್ದರಿಂದ ರೇಖೆಯ ಶಿಖರ ಸೊನ್ನೆಯಿಂದ ಕದಲಿ 2 ನಿಮಿಷಕ್ಕೆ ಬರುತ್ತದೆ. ನಾಲ್ವರ ಸರಾಸರಿಯಲ್ಲಿ ಶಿಖರ 3 ನಿಮಿಷಕ್ಕೆ ಬರುತ್ತದೆ. 36 ಜನರ ಸರಾಸರಿಯಲ್ಲಿ ಅದು 3 ನಿಮಿಷ 53 ಸೆಕೆಂಡಿಗೆ ಬಂದು, ಕೇಂದ್ರವಾದ 4 ನಿಮಿಷಕ್ಕೆ ಬಹುತೇಕ ಮುಟ್ಟುತ್ತದೆ. ಬಲಗಡೆಯ ಉದ್ದನೆಯ ಬಾಲಕ್ಕೂ ಇದೇ ಗತಿ. ಒಬ್ಬ ಗ್ರಾಹಕರಿಗೆ 12 ನಿಮಿಷ ಹಿಡಿಯುವುದು ಅಪರೂಪವೇನಲ್ಲ, ಆದರೆ 36 ಜನರ ಸರಾಸರಿ 12 ನಿಮಿಷ ಆಗಬೇಕಾದರೆ ನಿಧಾನದ ಗ್ರಾಹಕರು ಸಾಲುಸಾಲಾಗಿ ಬಂದು ಸೇರಬೇಕು.

ಓರೆ ಎಷ್ಟು ಕರಗಿತು ಎಂದು ಅಳೆಯಲು ಸುಲಭದ ಒಂದು ಗುರುತು ಇದೆ. ಸಮತೂಕದ ವಿತರಣೆಯಲ್ಲಿ ಅರ್ಧದಷ್ಟು ಬೆಲೆಗಳು ಸರಾಸರಿಗಿಂತ ಕೆಳಗಿರುತ್ತವೆ. ನಮ್ಮ ಕೌಂಟರಿನಲ್ಲಿ ಶೇಕಡಾ 63 ಗ್ರಾಹಕರ ಸಮಯ ಸರಾಸರಿಗಿಂತ ಕಡಿಮೆ. ನಾಲ್ವರ ಸರಾಸರಿ 4 ನಿಮಿಷಕ್ಕಿಂತ ಕಡಿಮೆ ಬರುವ ಸಾಧ್ಯತೆ ಶೇಕಡಾ 57ಕ್ಕೆ ಇಳಿಯುತ್ತದೆ. 36 ಜನರ ಸರಾಸರಿಯಲ್ಲಿ ಅದು ಶೇಕಡಾ 52. ಐವತ್ತಕ್ಕೆ ಹತ್ತಿರ ಬಂತು, ಆದರೆ ಐವತ್ತು ಆಗಲಿಲ್ಲ.

ಈ ಪ್ರಮೇಯದ ಚರಿತ್ರೆಯೂ ಹೀಗೆ ಮೆಲ್ಲಮೆಲ್ಲನೆ ಹಿಗ್ಗಿದ್ದೇ. 1733ರಲ್ಲಿ ದ ಮುವಾವ್ರ್ ನಾಣ್ಯ ಚಿಮ್ಮುವ ಲೆಕ್ಕಕ್ಕೆ ಗಂಟೆಯಾಕಾರದ ಅಂದಾಜು ಕೊಟ್ಟರು. 1810ರಲ್ಲಿ ಲಾಪ್ಲಾಸ್ ಅದನ್ನು ನಾಣ್ಯದಾಚೆಗೆ ವಿಸ್ತರಿಸಿದರು. ಯಾವ ಷರತ್ತುಗಳಲ್ಲಿ ಅದು ನಿಜಕ್ಕೂ ನಿಲ್ಲುತ್ತದೆ ಎಂಬ ಸಾಧನೆಯನ್ನು ರಷ್ಯಾದ ಲ್ಯಾಪುನೊವ್ 1901ರಲ್ಲಿ ಕೊಟ್ಟರು, ಫಿನ್ಲೆಂಡಿನ ಲಿಂಡೆಬರ್ಗ್ 1922ರಲ್ಲಿ ಷರತ್ತನ್ನು ಇನ್ನೂ ಸಡಿಲಿಸಿದರು. ಈ ಹೆಸರು ಇಟ್ಟವರು ಹಂಗೇರಿಯ ಗಣಿತಜ್ಞ ಪೋಲ್ಯ, 1920ರಲ್ಲಿ. ಇವರೆಲ್ಲರೂ ಮಾದರಿ ಅನಂತಕ್ಕೆ ಹೋದಾಗ ಏನಾಗುತ್ತದೆ ಎಂದು ಹೇಳಿದರು. ನಮ್ಮ ವಿದ್ಯಾರ್ಥಿನಿಯ ಕೈಯಲ್ಲಿರುವುದು 36. ಮಾದರಿ ಸೀಮಿತವಾಗಿದ್ದಾಗ ಅಂದಾಜು ಎಷ್ಟು ತಪ್ಪಬಹುದು ಎಂಬುದಕ್ಕೆ ಮಿತಿ ಹಾಕಿದವರು ಬೆರಿ ಮತ್ತು ಎಸೀನ್, 1941 ಮತ್ತು 1942ರಲ್ಲಿ, ಒಬ್ಬರಿಂದೊಬ್ಬರು ಸ್ವತಂತ್ರವಾಗಿ. ಅವರ ಫಲಿತಾಂಶದ ವ್ಯಾವಹಾರಿಕ ಅರ್ಥ ಹೀಗೆ: ತಪ್ಪಿನ ಮಿತಿ ಮಾದರಿ ಗಾತ್ರದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿ ನಾಲ್ಕು ಪಟ್ಟಾಗಬೇಕು. ಓರೆ ಕರಗುವುದು ನಿಧಾನ ಎನ್ನುವುದಕ್ಕೆ ಕಾರಣ ಇದೇ.

(ಆ) ಪ್ರಶ್ನೆ: ಅಂದಾಜನ್ನೂ ನಿಜವನ್ನೂ ಅಕ್ಕಪಕ್ಕದಲ್ಲಿಟ್ಟು

ಪಠ್ಯಪುಸ್ತಕದ ಹೆಜ್ಜೆಗಳು ಸರಳ. 5 ನಿಮಿಷ ಎಂಬುದು ಕೇಂದ್ರದಿಂದ 1 ನಿಮಿಷ ದೂರ. ಅದನ್ನು ಮಾನಕ ದೋಷದಿಂದ ಭಾಗಿಸಬೇಕು:

z = (5 − 4) ÷ (4 ÷ √36) = 1.5

ನಾರ್ಮಲ್ ಕೋಷ್ಟಕದಲ್ಲಿ 1.5ರ ಬಲಕ್ಕಿರುವ ಪ್ರದೇಶ 0.0668. ಉತ್ತರ: ಸುಮಾರು ಶೇಕಡಾ 6.7.

ಇದರ ಅರ್ಥವನ್ನು ಕೌಂಟರಿಗೇ ಕೊಂಡೊಯ್ಯೋಣ. 36 ಜನರಿಗೆ ಸರಾಸರಿ 5 ನಿಮಿಷ ಮೀರುವುದೆಂದರೆ ಅವರೆಲ್ಲರ ಕೆಲಸಕ್ಕೆ ಒಟ್ಟು 3 ಗಂಟೆ ಮೀರುವುದು. ಸಾಮಾನ್ಯವಾಗಿ 2 ಗಂಟೆ 24 ನಿಮಿಷದ ಕೆಲಸ ಅದು. ಅಂಥ ನೂರು ಗುಂಪುಗಳಲ್ಲಿ ಆರೇಳು ಗುಂಪುಗಳಿಗೆ 3 ಗಂಟೆ ಮೀರುತ್ತದೆ ಎಂದು ನಾರ್ಮಲ್ ಅಂದಾಜು ಹೇಳುತ್ತಿದೆ.

ಸಮಯ ಎಕ್ಸ್‌ಪೊನೆನ್ಷಿಯಲ್ ಆಗಿದ್ದರೆ 36 ಜನರ ಮೊತ್ತ ಗ್ಯಾಮಾ ವಿತರಣೆಯನ್ನು ಅನುಸರಿಸುತ್ತದೆ, ಅದರಿಂದ ನಿಖರ ಉತ್ತರ ತೆಗೆಯಬಹುದು. ಅದು 0.074. ಅಂದಾಜು 0.067. ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ಹೇಳಿದೆ. ಬಹಳಷ್ಟು ಕೆಲಸಗಳಿಗೆ ಇದು ಸಾಕು.

ಈಗ ಎಡಗಡೆಯನ್ನು ನೋಡೋಣ. ಸರಾಸರಿ 3 ನಿಮಿಷಕ್ಕಿಂತ ಕಡಿಮೆ ಬರುವ ಸಾಧ್ಯತೆ ಎಷ್ಟು? ನಾರ್ಮಲ್ ರೇಖೆ ಎರಡೂ ಬದಿಗೆ ಒಂದೇ ಸಮ, ಆದ್ದರಿಂದ ಮತ್ತೆ 0.067 ಎನ್ನುತ್ತದೆ. ನಿಖರ ಉತ್ತರ 0.056. ಈ ಬದಿಯಲ್ಲಿ ಅಂದಾಜು ಹೆಚ್ಚು ಹೇಳಿದೆ. ಉಳಿದ ಓರೆ ಎಲ್ಲಿ ಅಡಗಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ: ಬಲದ ಬಾಲ ಅಂದಾಜಿಗಿಂತ ದಪ್ಪ, ಎಡದ ಬಾಲ ಅಂದಾಜಿಗಿಂತ ತೆಳು. ಎರಡನ್ನೂ ಸೇರಿಸಿದರೆ ಅಂದಾಜು 0.134, ನಿಜ 0.130. ಒಂದು ಬದಿಯ ತಪ್ಪನ್ನು ಇನ್ನೊಂದು ಬದಿ ತಿಂದುಹಾಕಿತು. ಎರಡು ಬದಿಯ ಪ್ರಶ್ನೆಗಳಲ್ಲಿ ನಾರ್ಮಲ್ ಅಂದಾಜು ಅದೃಷ್ಟವಂತನಂತೆ ಕಾಣುವುದು, ಒಂದು ಬದಿಯ ಪ್ರಶ್ನೆಗಳಲ್ಲಿ ಕೈಕೊಡುವುದು ಈ ಕಾರಣಕ್ಕೆ.

ಇನ್ನೂ ದೂರ ಹೋದರೆ ಕಥೆ ಬೇರೆ. ಸರಾಸರಿ 6 ನಿಮಿಷ ಮೀರುವ, ಅಂದರೆ 36 ಜನರ ಕೆಲಸಕ್ಕೆ 3 ಗಂಟೆ 36 ನಿಮಿಷ ಮೀರುವ ಸಾಧ್ಯತೆ ಎಷ್ಟು? ಇಲ್ಲಿ z = 3. ಕೋಷ್ಟಕ ಹೇಳುವುದು 0.00135, ಸಾವಿರಕ್ಕೆ ಒಂದು ಚಿಲ್ಲರೆ. ನಿಖರ ಉತ್ತರ 0.0039, ಸಾವಿರಕ್ಕೆ ನಾಲ್ಕು. ಹೆಚ್ಚು ಕಡಿಮೆ ಮೂರು ಪಟ್ಟು ವ್ಯತ್ಯಾಸ! ಮಾದರಿ ಅದೇ 36, ಸಮಷ್ಟಿ ಅದೇ, ಪ್ರಮೇಯ ಅದೇ. ಬದಲಾದದ್ದು ನಾವು ಪ್ರಶ್ನೆ ಕೇಳಿದ ಜಾಗ ಮಾತ್ರ. ನಡುವಿನಲ್ಲಿ ಪ್ರಮೇಯ ಬೇಗ ಕೆಲಸ ಮಾಡುತ್ತದೆ, ಬಾಲದ ತುದಿಯಲ್ಲಿ ಬಹಳ ತಡವಾಗಿ. ವಿಮೆ, ಪ್ರವಾಹ, ಆಸ್ಪತ್ರೆಯ ಹಾಸಿಗೆಗಳಂಥ ವಿಷಯಗಳಲ್ಲಿ ನಮಗೆ ಬೇಕಾಗುವುದು ಬಾಲದ ತುದಿಯೇ. ಅಲ್ಲಿ "36 ಇದೆಯಲ್ಲ, ಸಾಕು" ಎಂದು ಕೂರುವಂತಿಲ್ಲ.

(ಇ) ಮತ್ತು (ಈ): ಪ್ರಮೇಯ ಮಾತಾಡದ ಜಾಗ

(ಇ) ಪ್ರಶ್ನೆಗೆ ಉತ್ತರ "ಇಲ್ಲ". ಒಬ್ಬ ಗ್ರಾಹಕರ ಸಮಯದ ಬಗ್ಗೆ ಪ್ರಮೇಯಕ್ಕೆ ಏನೂ ಗೊತ್ತಿಲ್ಲ. ಆದರೂ ಕೋಷ್ಟಕ ಬಳಸಿದರೆ z = 1 ÷ 4 = 0.25, ಉತ್ತರ 0.40 ಬರುತ್ತದೆ. ನಮ್ಮ ಎಕ್ಸ್‌ಪೊನೆನ್ಷಿಯಲ್ ಕೌಂಟರಿನಲ್ಲಿ ನಿಜವಾದ ಉತ್ತರ 0.29. ನೂರು ಗ್ರಾಹಕರಲ್ಲಿ ಹನ್ನೊಂದು ಜನರ ಲೆಕ್ಕ ತಪ್ಪಿತು. ಪ್ರಶ್ನೆಯಲ್ಲಿ ವಿತರಣೆಯ ಹೆಸರು ಕೊಟ್ಟಿಲ್ಲ, "ಬಲಕ್ಕೆ ಓರೆ" ಎಂದಷ್ಟೇ ಇದೆ. ಆದ್ದರಿಂದ "ಕೊಟ್ಟ ಮಾಹಿತಿಯಿಂದ ಹೇಳಲಾಗದು" ಎಂಬುದೇ ಪೂರ್ಣ ಅಂಕದ ಉತ್ತರ. ಲೆಕ್ಕ ಹಾಕದೆ ಬಿಡುವುದಕ್ಕೆ ವಿದ್ಯಾರ್ಥಿಗಳು ಹೆದರುತ್ತಾರೆ. ಈ ಪ್ರಶ್ನೆ ಪರೀಕ್ಷಿಸುವುದು ಅದನ್ನೇ.

(ಈ) ಪ್ರಶ್ನೆಯಲ್ಲಿ ನಾಲ್ವರು. ಮಾನಕ ದೋಷ 4 ÷ 2 = 2 ನಿಮಿಷ, ಇದು ಈಗಲೂ ಕರಾರುವಾಕ್ಕು. ಸರಾಸರಿ 5 ನಿಮಿಷ ಮೀರುವ ಸಾಧ್ಯತೆ ನಾರ್ಮಲ್ ಪ್ರಕಾರ 0.31, ನಿಖರವಾಗಿ 0.265. ಆದರೆ ಇಲ್ಲಿ ನಿಖರ ಉತ್ತರ ಗೊತ್ತಿಲ್ಲದೆಯೂ ಅಂದಾಜು ಮುರಿದಿದೆ ಎಂದು ಹಿಡಿಯಬಹುದು. ಕೇಂದ್ರ 4, ಮಾನಕ ದೋಷ 2 ಇರುವ ನಾರ್ಮಲ್ ರೇಖೆಯ ಶೇಕಡಾ 2.3 ಭಾಗ ಸೊನ್ನೆಯ ಎಡಕ್ಕೆ ಬೀಳುತ್ತದೆ. ಅಂದರೆ ನಾಲ್ವರು ಗ್ರಾಹಕರ ಸರಾಸರಿ ಸಮಯ ಸೊನ್ನೆಗಿಂತ ಕಡಿಮೆ ಎಂದು ಅದು ಹೇಳುತ್ತಿದೆ! ಸಮಯ, ಆದಾಯ, ಮಳೆಯಂಥ ಋಣ ಬೆಲೆ ಬರಲಾರದ ಅಳತೆಗಳಲ್ಲಿ ಇದೊಂದು ಒಳ್ಳೆಯ ಪರೀಕ್ಷೆ. ಸರಾಸರಿಯಿಂದ ಎರಡು ಮೂರು ಮಾನಕ ದೋಷ ಎಡಕ್ಕೆ ಹೋದರೆ ಸೊನ್ನೆ ದಾಟುತ್ತೀರಾ ಎಂದು ನೋಡಿ. ದಾಟಿದರೆ ಗಂಟೆಯಾಕಾರವನ್ನು ನಂಬುವಂತಿಲ್ಲ. 36 ಜನರ ಲೆಕ್ಕದಲ್ಲಿ ಸೊನ್ನೆ ಆರು ಮಾನಕ ದೋಷದಷ್ಟು ದೂರದಲ್ಲಿದೆ, ಆ ಭಯವಿಲ್ಲ.

ಮೂವತ್ತರ ನಿಯಮಕ್ಕೆ ಆಧಾರ ಏನು

ಮಾದರಿ ಗಾತ್ರ 30 ಮೀರಿದರೆ ನಾರ್ಮಲ್ ಎಂದು ಬಗೆಯಬಹುದು ಎಂಬ ನಿಯಮ ನಮ್ಮ ವಿದ್ಯಾರ್ಥಿಗಳಿಗೆ ಮಗ್ಗಿಯ ಹಾಗೆ ಬಾಯಿಪಾಠ. 30 ಎಂಬ ಸಂಖ್ಯೆ ಪ್ರಮೇಯದ ಹೇಳಿಕೆಯಲ್ಲಿ ಎಲ್ಲಿಯೂ ಇಲ್ಲ, ಅದರ ಸಾಧನೆಯಲ್ಲಿಯೂ ಇಲ್ಲ. ಓರೆ ಎಷ್ಟು ಎಂದು ಕೇಳದೆ ಮಾದರಿ ಎಷ್ಟು ಬೇಕು ಎಂದು ಹೇಳಲು ಬರುವುದಿಲ್ಲ.

ಓರೆಯನ್ನು ಅಳೆಯುವ ಒಂದು ಸಂಖ್ಯೆ ಇದೆ, ಓರೆ ಗುಣಾಂಕ. ಪ್ರತಿ ಬೆಲೆ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ಅಂತರಗಳ ಘನಗಳ ಸರಾಸರಿ ತೆಗೆದು, ಮಾನಕ ವಿಚಲನೆಯ ಘನದಿಂದ ಭಾಗಿಸಿದರೆ ಅದು ಸಿಗುತ್ತದೆ. ಎರಡೂ ಬದಿ ಸಮವಾಗಿದ್ದರೆ ಸೊನ್ನೆ. ಎಕ್ಸ್‌ಪೊನೆನ್ಷಿಯಲ್ ವಿತರಣೆಗೆ 2. ಸರಾಸರಿ ತೆಗೆದಾಗ ಈ ಗುಣಾಂಕ ಮಾದರಿ ಗಾತ್ರದ ವರ್ಗಮೂಲದಿಂದ ಭಾಗವಾಗುತ್ತದೆ. ನಮ್ಮ 36 ಜನರಿಗೆ 2 ÷ 6, ಅಂದರೆ 0.33. ಬಲದ ಬಾಲ ದಪ್ಪಗಿದ್ದುದಕ್ಕೆ ಕಾರಣ ಈ ಉಳಿದ 0.33.

ಮಾದರಿ ಸಮೀಕ್ಷೆಗಳ ವಿದ್ವಾಂಸ ವಿಲಿಯಂ ಕಾಕ್ರನ್ ಬಲಕ್ಕೆ ಓರೆಯಾದ ಸಮಷ್ಟಿಗಳಿಗಾಗಿ ಒಂದು ಕೈಲೆಕ್ಕ ಕೊಟ್ಟಿದ್ದಾರೆ. ಮಾದರಿ ಗಾತ್ರ, ಓರೆ ಗುಣಾಂಕದ ವರ್ಗದ 25 ಪಟ್ಟಿಗಿಂತ ಹೆಚ್ಚಿರಬೇಕು. ಹಾಗಿದ್ದರೆ ಶೇಕಡಾ 95ರ ಭರವಸೆಯಿಂದ ಹೇಳಿದ ಮಾತು ಶೇಕಡಾ 5ರ ಬದಲು ಹೆಚ್ಚೆಂದರೆ ಸುಮಾರು ಶೇಕಡಾ 6ರಷ್ಟು ಸಲ ತಪ್ಪುತ್ತದೆ. ನಮ್ಮ ಕೌಂಟರಿಗೆ ಅನ್ವಯಿಸಿದರೆ 25 × 2 × 2 = 100. ಮೂವತ್ತಾರು ಸಾಲದು, ನೂರು ಬೇಕು. ಇನ್ನಷ್ಟು ಓರೆಯಾದ ಲಾಗ್‌ನಾರ್ಮಲ್ ವಿತರಣೆಯನ್ನು ತೆಗೆದುಕೊಳ್ಳಿ. ಆದಾಯದಂಥ ಅಳತೆಗಳಿಗೆ ಇದನ್ನು ಬಳಸುವುದುಂಟು. ಬೆಲೆಗಳ ಲಾಗರಿತಮ್‌ನ ಮಾನಕ ವಿಚಲನೆ 1 ಆಗಿದ್ದರೆ ಅದರ ಓರೆ ಗುಣಾಂಕ ಸುಮಾರು 6.2. ಕಾಕ್ರನ್ ಲೆಕ್ಕದಂತೆ ಬೇಕಾಗುವ ಮಾದರಿ ಸುಮಾರು 950. ಅದೇ ಸಮತೂಕದ ಸಮಷ್ಟಿಯಾದರೆ ಹತ್ತು ಹನ್ನೆರಡು ಸಾಕಾಗಬಹುದು. ಹತ್ತರಿಂದ ಸಾವಿರದವರೆಗೆ ಹಬ್ಬಿರುವ ಈ ಹರವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಲು ಹೊರಟದ್ದೇ ಮೂವತ್ತರ ನಿಯಮದ ದೋಷ.

ಬಾಲಗಳು ಮಿತಿಮೀರಿ ಭಾರವಾದರೆ, ಓರೆ ಇಲ್ಲದಿದ್ದರೂ ಪ್ರಮೇಯವೇ ನಿಲ್ಲುವುದಿಲ್ಲ. ಕೋಶಿ ವಿತರಣೆಯ ಬಾಲಗಳು ಎಷ್ಟು ಭಾರವೆಂದರೆ ಅದಕ್ಕೆ ಸರಾಸರಿಯೂ ಇಲ್ಲ, ಮಾನಕ ವಿಚಲನೆಯೂ ಇಲ್ಲ. ಅದರಿಂದ ಸಾವಿರ ಬೆಲೆಗಳನ್ನು ಆರಿಸಿ ಸರಾಸರಿ ತೆಗೆದರೆ, ಆ ಸರಾಸರಿಯ ವಿತರಣೆ ಒಂದೇ ಒಂದು ಬೆಲೆಯ ವಿತರಣೆಯಂತೆಯೇ ಇರುತ್ತದೆ. ಸೀಮಿತವಾದ ಮಾನಕ ವಿಚಲನೆ ಇರಬೇಕು ಎಂಬ ಷರತ್ತು ಪ್ರಮೇಯದ ಹೇಳಿಕೆಯಲ್ಲಿ ಇರುವುದು ಇದಕ್ಕಾಗಿ.

ಕ್ಯಾಲ್ಕುಲೇಟರ್ ಇರುವ ಯಾರಾದರೂ ಇದನ್ನೆಲ್ಲ ಸ್ವತಃ ಪರೀಕ್ಷಿಸಬಹುದು. ಸೊನ್ನೆ ಮತ್ತು ಒಂದರ ನಡುವಿನ ಯಾದೃಚ್ಛಿಕ ಸಂಖ್ಯೆ ತೆಗೆದು, ಅದರ ಸ್ವಾಭಾವಿಕ ಲಾಗರಿತಮ್ ಅನ್ನು −4 ರಿಂದ ಗುಣಿಸಿದರೆ ಒಬ್ಬ ಗ್ರಾಹಕರ ಸಮಯ ಸಿಗುತ್ತದೆ. ಸಂಖ್ಯೆ 0.5 ಬಂದರೆ 2.77 ನಿಮಿಷ, 0.9 ಬಂದರೆ 0.42 ನಿಮಿಷ, 0.05 ಬಂದರೆ ಸುಮಾರು 12 ನಿಮಿಷ. ತರಗತಿಯಲ್ಲಿ ಪ್ರತಿಯೊಬ್ಬರೂ ನಾಲ್ಕು ನಾಲ್ಕರ ಸರಾಸರಿಗಳನ್ನು ಬರೆದು ಹಲಗೆಯ ಮೇಲೆ ಸ್ತಂಭಚಿತ್ರ ಬಿಡಿಸಲಿ, ಆಮೇಲೆ 36ರ ಸರಾಸರಿಗಳದ್ದು ಬಿಡಿಸಲಿ. ಯಾವ ಸೂತ್ರಕ್ಕಿಂತಲೂ ಚೆನ್ನಾಗಿ ವಿಷಯ ಮನಸ್ಸಿನಲ್ಲಿ ಕೂರುತ್ತದೆ.

ಪ್ರಶ್ನೆ ಹೇಳದೆ ಬಿಟ್ಟ ಎರಡು ಮಾತು

ಪರೀಕ್ಷೆಯ ಪ್ರಶ್ನೆ ಎರಡು ವಿಷಯಗಳನ್ನು ನಮಗೆ ಉಚಿತವಾಗಿ ಕೊಟ್ಟುಬಿಡುತ್ತದೆ. ಹೊರಗಿನ ಲೋಕದಲ್ಲಿ ಅವು ಉಚಿತವಲ್ಲ.

ಒಂದು, "ಯಾದೃಚ್ಛಿಕವಾಗಿ ಆರಿಸಲಾಗಿದೆ" ಎಂಬ ಪದಗುಚ್ಛ. ಸಮೀಕ್ಷೆಗೆ ಹೋದವರು ಒಂದೇ ಬೆಳಿಗ್ಗೆ ಸಾಲಿನಲ್ಲಿ ನಿಂತ ಮೊದಲ 36 ಜನರ ಸಮಯ ಬರೆದುಕೊಂಡು ಬಂದರೆ ಏನಾಗುತ್ತದೆ? ಅಂದು ಸರ್ವರ್ ನಿಧಾನವಿದ್ದರೆ ಎಲ್ಲರಿಗೂ ನಿಧಾನ. ಒಬ್ಬರ ಸಮಯ ಇನ್ನೊಬ್ಬರ ಸಮಯಕ್ಕೆ ಅಂಟಿಕೊಂಡಿರುತ್ತದೆ. ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ಸಮಯಗಳ ನಡುವೆ 0.1ರಷ್ಟು ಅಲ್ಪ ಸಹಸಂಬಂಧ ಇದೆ ಎಂದುಕೊಳ್ಳೋಣ. ಆಗ ಸರಾಸರಿಯ ವಿಚಲನೆಯ ವರ್ಗ 1 + 35 × 0.1, ಅಂದರೆ 4.5 ಪಟ್ಟಾಗುತ್ತದೆ. ಮಾನಕ ದೋಷ 40 ಸೆಕೆಂಡಿನಿಂದ ಸುಮಾರು 85 ಸೆಕೆಂಡಿಗೆ ಏರುತ್ತದೆ. ಗಂಟೆಯಾಕಾರ ಉಳಿದಿದೆ ಎಂದು ಒಪ್ಪಿಕೊಂಡರೂ ಸರಾಸರಿ 5 ನಿಮಿಷ ಮೀರುವ ಸಾಧ್ಯತೆ 0.067ರಿಂದ 0.24ಕ್ಕೆ ಜಿಗಿಯುತ್ತದೆ. ಓರೆ ಮಾಡಿದ ತಪ್ಪು ಹತ್ತರಲ್ಲಿ ಒಂದು ಪಾಲು, ಅವಲಂಬನೆ ಮಾಡಿದ ತಪ್ಪು ಮೂರೂವರೆ ಪಟ್ಟು. ನಾವು ತರಗತಿಯಲ್ಲಿ ಓರೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಅವಲಂಬನೆಯನ್ನು ಒಂದು ಪದದಲ್ಲಿ ಮುಗಿಸುತ್ತೇವೆ. ಲೆಕ್ಕ ನೋಡಿದರೆ ಆದ್ಯತೆ ತಿರುಗಬೇಕು.

ಎರಡು, "ಮಾನಕ ವಿಚಲನೆ 4 ನಿಮಿಷ" ಎಂಬ ಮಾಹಿತಿ. ನಿಜವಾದ ಸಮೀಕ್ಷೆಯಲ್ಲಿ ಸಮಷ್ಟಿಯ ಮಾನಕ ವಿಚಲನೆಯನ್ನು ಯಾರೂ ಕೈಗೆ ಕೊಡುವುದಿಲ್ಲ, ಅದನ್ನೂ ಅದೇ ಮಾದರಿಯಿಂದ ಅಂದಾಜು ಮಾಡಬೇಕು. ಓರೆಯಾದ ಸಮಷ್ಟಿಯಲ್ಲಿ ಇದೊಂದು ಬಲೆ. ಬಹಳ ಹೊತ್ತು ಹಿಡಿಯುವ ಗ್ರಾಹಕರು ಯಾರೂ ಮಾದರಿಗೆ ಸಿಗದಿದ್ದರೆ ಸರಾಸರಿಯೂ ತಗ್ಗುತ್ತದೆ, ಮಾನಕ ವಿಚಲನೆಯೂ ತಗ್ಗುತ್ತದೆ. ಆಗ ನಾವು ಬರೆಯುವ ವಿಶ್ವಾಸಾಂತರ ತಪ್ಪಾದ ಜಾಗದಲ್ಲಿಯೂ ಇರುತ್ತದೆ, ಕಿರಿದಾಗಿಯೂ ಇರುತ್ತದೆ. ತಪ್ಪಿರುವಾಗಲೇ ಅದಕ್ಕೆ ಹೆಚ್ಚು ಧೈರ್ಯ! ಬಲಕ್ಕೆ ಓರೆಯಾದ ಸಮಷ್ಟಿಗಳಲ್ಲಿ ವಿಶ್ವಾಸಾಂತರಗಳು ತಪ್ಪುವಾಗ, ನಿಜವಾದ ಸರಾಸರಿ ಅವುಗಳಿಗಿಂತ ಮೇಲೆ ಉಳಿದುಬಿಡುವುದೇ ಹೆಚ್ಚು. ವೆಚ್ಚ, ನಷ್ಟ, ಕಾಯುವ ಸಮಯ ಇವುಗಳನ್ನು ಸಣ್ಣ ಮಾದರಿಯಿಂದ ಅಳೆದ ವರದಿಗಳು ಕಡಿಮೆ ಹೇಳುವ ಕಡೆಗೆ ವಾಲುವುದಕ್ಕೆ ಇದೊಂದು ಕಾರಣ.

ಉತ್ತರ ಪತ್ರಿಕೆಗೆ

ಆ ವಿದ್ಯಾರ್ಥಿನಿಗೆ ನಾನು ಬರೆದು ಕಳಿಸಿದ ಉತ್ತರವನ್ನೇ ಇಲ್ಲಿ ಓದುತ್ತೇನೆ. (ಅ) ಸರಾಸರಿ 4 ನಿಮಿಷ, ಮಾನಕ ದೋಷ 0.667 ನಿಮಿಷ, ಇವೆರಡೂ ನಿಖರ. ಆಕಾರ ಹೆಚ್ಚು ಕಡಿಮೆ ನಾರ್ಮಲ್, ಬಲಕ್ಕೆ ಸ್ವಲ್ಪ ಓರೆ ಉಳಿದಿದೆ. (ಆ) ಸುಮಾರು 0.067, ನಿಜವಾದ ಬೆಲೆ ಇದಕ್ಕಿಂತ ಸ್ವಲ್ಪ ಹೆಚ್ಚಿರಬಹುದು, ಏಕೆಂದರೆ ಕೇಳಿರುವುದು ಉದ್ದನೆಯ ಬಾಲದ ಕಡೆ. (ಇ) ಆಗದು, ಸಮಷ್ಟಿ ನಾರ್ಮಲ್ ಅಲ್ಲ. (ಈ) ಮಾನಕ ದೋಷ 2 ನಿಮಿಷ ಎಂದು ಹೇಳಬಹುದು, ನಾರ್ಮಲ್ ಕೋಷ್ಟಕ ಬಳಸಬಾರದು.

ಇದರಲ್ಲಿ ಪಠ್ಯಪುಸ್ತಕಕ್ಕೆ ವಿರುದ್ಧವಾದದ್ದು ಏನೂ ಇಲ್ಲ. "ಸ್ವಲ್ಪ ಹೆಚ್ಚಿರಬಹುದು" ಎಂಬ ಒಂದು ಮಾತು ಮಾತ್ರ ಹೆಚ್ಚು. ಆ ಒಂದು ಮಾತಿಗೆ ಕಾರಣ ಕೊಡಬಲ್ಲ ವಿದ್ಯಾರ್ಥಿಗೆ ಪ್ರಮೇಯ ಅರ್ಥವಾಗಿದೆ ಎಂದು ನಾನು ತಿಳಿಯುತ್ತೇನೆ.

ಇಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಪ್ರಶ್ನೆಪತ್ರಿಕೆ ತಯಾರಿಸುವಾಗ "n ಮೂವತ್ತಕ್ಕಿಂತ ಹೆಚ್ಚು, ಆದ್ದರಿಂದ ನಾರ್ಮಲ್" ಎಂಬ ಸಾಲಿಗೆ ಅಂಕ ಇಡಬೇಡಿ. ಅದರ ಬದಲು ಮೂರು ಪ್ರಶ್ನೆ ಕೇಳಿ: ಆಯ್ಕೆಗಳು ನಿಜವಾಗಿಯೂ ಸ್ವತಂತ್ರವೇ, ಸಮಷ್ಟಿ ಎಷ್ಟು ಓರೆ, ಕೇಳಿರುವುದು ನಡುವಿನ ಬಗ್ಗೆಯೋ ಬಾಲದ ಬಗ್ಗೆಯೋ. ಈ ಮೂರಕ್ಕೆ ಉತ್ತರ ಬರೆದವರಿಗೆ ಅಂಕ ಕೊಡಿ, ಕೋಷ್ಟಕ ನೋಡುವುದು ಅವರಿಗೆ ತಾನಾಗಿಯೇ ಬರುತ್ತದೆ.